ತಲೆಗೆ 56 ರೂಪಾಯಿಯಲ್ಲಿ ರಿಟರ್ನ್ ಗಿಫ್ಟ್: 24 ಚೀಲಗಳ ಪೂರ್ತಿ ಲೆಕ್ಕ

"ಮಗುವಿನ ಬರ್ತ್‌ಡೇಗೆ ಇಪ್ಪತ್ತು ಮಕ್ಕಳು ಬರ್ತಾರೆ, ರಿಟರ್ನ್ ಗಿಫ್ಟ್‌ಗೆ ಒಂದೂವರೆ ಸಾವಿರಕ್ಕಿಂತ ಹೆಚ್ಚು ಹಾಕೋಕಾಗಲ್ಲ, ಏನು ಕೊಡೋದು?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಏನು ಕೊಡೋದು ಎನ್ನುವುದಕ್ಕಿಂತ ಮೊದಲು ಎಷ್ಟು ಜನಕ್ಕೆ, ತಲೆಗೆ ಎಷ್ಟು ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಬೆಂಗಳೂರಿನ ಒಂದು ಮನೆಯ ಲೆಕ್ಕವನ್ನೇ ಹಿಡಿದು ಕೊನೆಯವರೆಗೆ ಹೋಗೋಣ. ಹುಟ್ಟುಹಬ್ಬ ಆರು ವರ್ಷದ ಹುಡುಗಿಯದು, ಕೈಯಲ್ಲಿರುವುದು 1,500 ರೂಪಾಯಿ. ಬೆಲೆಗಳು ಊರಿಗೊಂದು, ಅಂಗಡಿಗೊಂದು ಇರುತ್ತವೆ. ನೀವು ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ ಇರಲಿ.

ಎರಡು ಪದಗಳ ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ರಿಟರ್ನ್ ಗಿಫ್ಟ್ ಎಂದರೆ ಬಂದ ಮಗುವಿಗೆ ಹೋಗುವಾಗ ಕೊಡುವ ಒಂದು ವಸ್ತು. ಗುಡಿ ಬ್ಯಾಗ್ ಎಂದರೆ ನಾಲ್ಕಾರು ಸಣ್ಣ ಸಾಮಾನು ಹಾಕಿದ ಚೀಲ. ಹಣ ಕಡಿಮೆ ಇದ್ದಾಗ ಎರಡನ್ನೂ ಬೇರೆ ಬೇರೆ ಕೊಡಲು ಹೋಗಬೇಡಿ. ಚೀಲ ಒಂದೇ ಇರಲಿ, ಅದರಲ್ಲಿ ಮುಖ್ಯ ವಸ್ತುವೂ ಒಂದೇ ಇರಲಿ.

1. ಮೊದಲು ತಲೆ ಎಣಿಸಿ

ಕರೆದವರ ಪಟ್ಟಿಯಷ್ಟೇ ಚೀಲ ಮಾಡಿದರೆ ಕಡಿಮೆ ಬೀಳುವುದು ಖಂಡಿತ. ಕರೆದ ಮಗುವಿನ ಜೊತೆ ತಮ್ಮನೋ ತಂಗಿಯೋ ಬಂದೇ ಬರುತ್ತಾರೆ. ಅಕ್ಕನ ಕೈಯಲ್ಲಿ ಚೀಲ ಕಂಡ ಮೂರು ವರ್ಷದ ಮಗು ಸುಮ್ಮನಿರುತ್ತದೆಯೇ? ಇನ್ನು ಹುಟ್ಟುಹಬ್ಬದ ಮಗುವಿಗೂ ಒಂದು ಚೀಲ ಬೇಕು. ಎಲ್ಲರಿಗೂ ಕೊಟ್ಟು ತನಗಿಲ್ಲ ಎಂದಾಗ ಅಳು ಶುರುವಾಗುವುದು ಅಲ್ಲಿಂದಲೇ.

ನಮ್ಮ ಲೆಕ್ಕದಲ್ಲಿ ಕರೆದಿರುವುದು 17 ಮಕ್ಕಳನ್ನು. ಜೊತೆಗೆ ಬರುವ ಒಡಹುಟ್ಟಿದವರು 3, ಅವರಲ್ಲಿ ಇಬ್ಬರು ಮೂರು ವರ್ಷದೊಳಗಿನವರು. ಹುಟ್ಟುಹಬ್ಬದ ಹುಡುಗಿ 1. ಅಲ್ಲಿಗೆ 21. ಕೊನೇ ಗಳಿಗೆಗೆ ಬರುವ ಪಕ್ಕದ ಮನೆ ಮಗು, ಕೆಲಸದವರ ಮಗು ಎಂದು ಇನ್ನು 3 ಸೇರಿಸಿದರೆ 24. ಸರಿಯಾಗಿ ಎರಡು ಡಜನ್.

ಡಜನ್‌ಗೆ ಕೂರಿಸುವುದರಲ್ಲಿ ಲಾಭವಿದೆ. ಸಗಟು ಅಂಗಡಿಯಲ್ಲಿ ರೇಟು ಹೇಳುವುದೇ ಡಜನ್ ಲೆಕ್ಕದಲ್ಲಿ. 25 ಎಂದಿಟ್ಟುಕೊಂಡರೆ ಆ ಇಪ್ಪತ್ತೈದನೆಯದಕ್ಕೆ ಚಿಲ್ಲರೆ ಬೆಲೆ ಬೀಳುತ್ತದೆ, ಇಲ್ಲವೇ ಮೂರನೇ ಡಜನ್ ತೆಗೆದುಕೊಳ್ಳಬೇಕಾಗುತ್ತದೆ. ನಿಮ್ಮ ಲೆಕ್ಕ 22ಕ್ಕೆ ನಿಂತರೆ 24 ಮಾಡಿಕೊಳ್ಳಿ. 26ಕ್ಕೆ ಬಂದರೆ ಹೆಚ್ಚುವರಿಯನ್ನು ಒಂದಕ್ಕೆ ಇಳಿಸಿ 24ಕ್ಕೆ ತರಲಾಗುತ್ತದೆಯೇ ನೋಡಿ. 30 ಆದರೆ ಎರಡೂವರೆ ಡಜನ್. ಅರ್ಧ ಡಜನ್ನನ್ನು ಡಜನ್ ರೇಟಿಗೇ ಕೊಡುವವರು ಬೇಕಾದಷ್ಟು ಜನ ಇದ್ದಾರೆ.

ಬರುವ ಮಕ್ಕಳ ವಯಸ್ಸನ್ನೂ ಇದೇ ಪಟ್ಟಿಯಲ್ಲಿ ಬರೆದುಕೊಳ್ಳಿ. ಮೂರು ವರ್ಷದೊಳಗಿನವರ ಹೆಸರಿನ ಮುಂದೆ ಗುರುತು ಹಾಕಿ. ಅವರ ಚೀಲ ಬೇರೆ.

2. ಒಟ್ಟು ಹಣದಿಂದ ಹಿಂದಕ್ಕೆ ಬನ್ನಿ

ಎಲ್ಲರೂ ಎಡವುವುದು ಇಲ್ಲೇ. "ತಲೆಗೆ 60 ರೂಪಾಯಿ" ಎಂದು ಮನಸ್ಸಿನಲ್ಲಿಟ್ಟುಕೊಂಡು 60 ರೂಪಾಯಿಯ ವಸ್ತು ಕೊಳ್ಳುತ್ತಾರೆ. ಚೀಲ, ದಾರ, ಹೆಸರಿನ ಚೀಟಿ, ಹೋಗಿ ಬರುವ ಖರ್ಚು ಎಲ್ಲವೂ ಅದರ ಮೇಲೆ ಬೀಳುತ್ತದೆ, ಕೊನೆಗೆ ತಲೆಗೆ 80 ದಾಟಿರುತ್ತದೆ.

ಹಾಗಾಗಿ ಉಲ್ಟಾ ಮಾಡಿ. 1,500ರಲ್ಲಿ ಮೊದಲೇ 150 ತೆಗೆದಿಡಿ. ಅದರಲ್ಲಿ 100 ಓಡಾಟಕ್ಕೆ, 50 ದಾರ, ಅಂಟು, ಚೀಟಿಗೆ. ಉಳಿದ 1,350ನ್ನು 24ರಿಂದ ಭಾಗಿಸಿದರೆ 56 ರೂಪಾಯಿ ಚಿಲ್ಲರೆ. ಒಂದು ಚೀಲ, ಅದರೊಳಗಿನದೆಲ್ಲ ಸೇರಿ, 56 ದಾಟಬಾರದು. ಈ ಅಂಕಿಯನ್ನು ಫೋನಿನಲ್ಲಿ ಬರೆದುಕೊಂಡೇ ಪೇಟೆಗೆ ಹೋಗಿ. ಅಂಗಡಿಯಲ್ಲಿ ನಿಂತಾಗ ಹತ್ತು ರೂಪಾಯಿ ಏನು ಮಹಾ ಅನ್ನಿಸುತ್ತದೆ. 24 ಸಲ ಹತ್ತು ಎಂದರೆ 240.

3. ಮುಖ್ಯ ವಸ್ತು ಒಂದೇ ಇರಲಿ

56 ರೂಪಾಯಿಗೆ ಎಂಟು ಸಣ್ಣ ಸಾಮಾನು ತುಂಬಬಹುದು: ಪೀಪಿ, ಪ್ಲಾಸ್ಟಿಕ್ ಉಂಗುರ, ಗುಳ್ಳೆ ಊದುವ ಸೀಸೆ, ಕೀ ಚೈನ್, ಬಣ್ಣದ ರಬ್ಬರ್. ನೋಡಲು ಚೀಲ ತುಂಬಿರುತ್ತದೆ. ಮನೆ ಸೇರುವ ಹೊತ್ತಿಗೆ ಪೀಪಿ ಮುರಿದಿರುತ್ತದೆ, ಸೋಪಿನ ನೀರು ಚೀಲದೊಳಗೆ ಚೆಲ್ಲಿರುತ್ತದೆ. ಒಂದೊಂದಕ್ಕೂ ಐದಾರು ರೂಪಾಯಿ ಹಾಕಿದಾಗ ಯಾವುದೂ ಗಟ್ಟಿ ಬರುವುದಿಲ್ಲ. ಅದೇ ಹಣದ ಮೂರನೇ ಎರಡು ಭಾಗವನ್ನು ಒಂದು ಕೆಲಸಕ್ಕೆ ಬರುವ ಜೋಡಿಗೆ ಹಾಕಿ.

ನಾಲ್ಕರಿಂದ ಎಂಟು ವರ್ಷದವರು ಸೇರಿರುವ ಗುಂಪಿಗೆ ನನ್ನ ಆಯ್ಕೆ ಬಣ್ಣದ ಕ್ರೇಯಾನ್ ಡಬ್ಬಿ ಮತ್ತು ಸಣ್ಣ ಡ್ರಾಯಿಂಗ್ ಪುಸ್ತಕ. ಹುಡುಗ, ಹುಡುಗಿ ಎಂದು ಎರಡು ಬಗೆ ಮಾಡಬೇಕಿಲ್ಲ. ಮನೆಯಲ್ಲಿ ಈಗಾಗಲೇ ಇದ್ದರೂ ಖರ್ಚಾಗುವ ವಸ್ತು, ಮೂಲೆ ಸೇರುವುದಿಲ್ಲ. ಒಂದೇ ಬಗೆ ಕೊಡುವುದರಿಂದ "ಅವನದು ನನಗೆ ಬೇಕು" ಎಂಬ ಜಗಳವೂ ತಪ್ಪುತ್ತದೆ. ಡಬ್ಬಿಯ ಬಣ್ಣ ಕೂಡ ಒಂದೇ ಆದಷ್ಟೂ ಒಳ್ಳೆಯದು. ಕೆಂಪು ಡಬ್ಬಿ ಹನ್ನೆರಡು, ನೀಲಿ ಡಬ್ಬಿ ಹನ್ನೆರಡು ತಂದವರಿಗೆ ಇದರ ಅರ್ಥ ಹಂಚುವ ಹೊತ್ತಿಗೆ ಆಗುತ್ತದೆ.

ಎಂಟು ದಾಟಿದವರೇ ಹೆಚ್ಚಿದ್ದರೆ ಕ್ರೇಯಾನ್ ಮಗುವಿನ ಸಾಮಾನು ಅನ್ನಿಸುತ್ತದೆ. ಅವರಿಗೆ ಕಥೆ ಪುಸ್ತಕ ನೋಡಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ ಇವರ ಮಕ್ಕಳ ಪುಸ್ತಕಗಳಲ್ಲಿ ಕಡಿಮೆ ಬೆಲೆಯವು ಇವೆ. ಒಂದೇ ಪುಸ್ತಕದ ಎರಡು ಡಜನ್ ಪ್ರತಿ ಅಂಗಡಿಯಲ್ಲಿ ಸಿಗದೆ ಇರಬಹುದು, ಎರಡು ವಾರ ಮೊದಲೇ ಹೇಳಿಟ್ಟಿರಬೇಕು.

ಚನ್ನಪಟ್ಟಣದ ಬುಗುರಿಯೂ ಚೆನ್ನ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಓಡಾಡುವವರಾದರೆ ಅಲ್ಲೇ ಡಜನ್ ಲೆಕ್ಕದಲ್ಲಿ ಕೊಳ್ಳಬಹುದು. ಅದಕ್ಕೆಂದೇ ಹೋಗಿ ಬಂದರೆ ಉಳಿತಾಯವೆಲ್ಲ ಪ್ರಯಾಣಕ್ಕೆ ಹೋಗುತ್ತದೆ. ಅಸಲಿ ಬುಗುರಿಯ ಬಣ್ಣ ಅರಗಿನದು. ಕಟ್ಟಿಗೆ ಚರಕಿಯಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಚ್ಚುತ್ತಾರೆ, ಆ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಬಣ್ಣದ ಪಟ್ಟಿಗಳ ಅಂಚು ಸುತ್ತಲೂ ನೇರವಾಗಿರುತ್ತದೆ, ಕುಂಚದ ಗೆರೆ ಕಾಣುವುದಿಲ್ಲ. ಉಗುರಿನಿಂದ ಕೆರೆದಾಗ ಪದರವಾಗಿ ಎದ್ದು ಬಂದರೆ ಅದು ಪೇಂಟ್ ಬಳಿದದ್ದು, ಬಾಯಿಗೆ ಹಾಕುವ ಮಕ್ಕಳಿಗೆ ಬೇಡ.

4. ಮೂರು ವರ್ಷದೊಳಗಿನವರ ಚೀಲ

ಈ ವಯಸ್ಸಿನವರಿಗೆ ಎಲ್ಲವೂ ಬಾಯಿಗೇ. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಸುಮಾರು 3.2 ಸೆಂಟಿಮೀಟರ್ ಅಗಲದ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು ಎಂದು ಲೆಕ್ಕ. ಮನೆಯಲ್ಲಿ ನೋಡಲು ಟಾಯ್ಲೆಟ್ ಪೇಪರಿನ ಒಳಗಿರುವ ರಟ್ಟಿನ ಕೊಳವೆ ಸಾಕು. ಅದು ಇನ್ನೂ ಸ್ವಲ್ಪ ಅಗಲ, ಆದ್ದರಿಂದ ಅದರಲ್ಲಿ ಇಳಿಯದ್ದು ಸುರಕ್ಷಿತದ ಕಡೆಗೇ ಇರುತ್ತದೆ. ಕ್ರೇಯಾನ್ ತುಂಡು ಸಲೀಸಾಗಿ ಇಳಿಯುತ್ತದೆ. ಅದಕ್ಕೇ ಈ ಇಬ್ಬರಿಗೆ ಬೇರೆ ವಸ್ತು.

ಟೆನಿಸ್ ಚೆಂಡಿನಷ್ಟು ದೊಡ್ಡ, ನುಣುಪಾದ ರಬ್ಬರ್ ಚೆಂಡು ಕೊಡಿ. ಸ್ಪಂಜಿನ ಚೆಂಡು ಮೆತ್ತಗೆ ಇರುತ್ತದೆ ಎಂದು ಅದನ್ನೇ ಆರಿಸುವವರಿದ್ದಾರೆ. ಹಲ್ಲು ಬಂದ ಮಗು ಅದನ್ನು ತುಣುಕು ತುಣುಕಾಗಿ ಕಚ್ಚಿ ತೆಗೆಯುತ್ತದೆ.

ಯಾವ ವಯಸ್ಸಿನವರ ಚೀಲಕ್ಕೂ ಹಾಕಬಾರದ ಮೂರು ವಸ್ತುಗಳಿವೆ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುವ ಮಿಣುಕು ದೀಪದ ಆಟಿಕೆ, ಸಣ್ಣ ಆಯಸ್ಕಾಂತದ ಗುಂಡುಗಳು, ನೀರಿನಲ್ಲಿ ಊದಿಕೊಳ್ಳುವ ಬಣ್ಣದ ಮಣಿಗಳು. ಮೂರೂ ಅಗ್ಗ, ಮೂರೂ ಮಕ್ಕಳಿಗೆ ಇಷ್ಟ. ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಆಯಸ್ಕಾಂತದ ಎರಡು ಗುಂಡು ಹೊಟ್ಟೆ ಸೇರಿದರೆ ಕರುಳಿನ ಎರಡು ಮಡಿಕೆಗಳನ್ನು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಣಿ ಹೊಟ್ಟೆಯೊಳಗೂ ಊದಿಕೊಳ್ಳುತ್ತದೆ. ನಿಮ್ಮ ಆರು ವರ್ಷದವಳು ನುಂಗದೆ ಇರಬಹುದು, ಚೀಲ ಹೋಗುವ ಮನೆಯಲ್ಲಿ ತೆವಳುವ ಮಗು ಇದ್ದೀತು.

ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ನೋಂದಾಯಿತ ಕರಕುಶಲಿಗರು ಮಾಡಿದವಕ್ಕೆ ವಿನಾಯಿತಿ ಇದೆ, ಹಾಗಾಗಿ ಚನ್ನಪಟ್ಟಣದ ಬುಗುರಿಯ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ.

5. ಪೇಟೆಯಲ್ಲಿ ಏನು ಕೇಳಬೇಕು, ಏನು ನೋಡಬೇಕು

ಹುಟ್ಟುಹಬ್ಬಕ್ಕೆ ಹತ್ತು ದಿನ ಮೊದಲು ಹೋಗಿ. ಬೆಂಗಳೂರಿನವರಿಗೆ ಚಿಕ್ಕಪೇಟೆ ಸುತ್ತಿನ ಸಗಟು ಬೀದಿಗಳೇ ಗತಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣಕ್ಕೆ ಇಳಿದರೆ ನಡೆದೇ ಸುತ್ತಬಹುದು. ಗಾಡಿ ಒಯ್ದರೆ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಭಾನುವಾರ ಬಹಳಷ್ಟು ಸಗಟು ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋದರೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತು. ಬೇರೆ ಊರಿನವರು ಶಾಲೆ ಸಾಮಾನು ಮಾರುವ ದೊಡ್ಡ ಸ್ಟೇಷನರಿ ಅಂಗಡಿಗೆ ಹೋಗಿ "ಡಜನ್ ರೇಟು ಎಷ್ಟು?" ಎಂದು ಕೇಳಿದರೂ ಬೆಲೆ ಇಳಿಯುತ್ತದೆ.

ಬಾಯಿಬಿಟ್ಟು ಕೇಳಬೇಕಾದವು ಇವು. ಹೇಳಿದ ರೇಟು ಒಂದಕ್ಕೋ, ಡಜನ್‌ಗೋ, ಗ್ರೋಸ್‌ಗೋ? (ಗ್ರೋಸ್ ಎಂದರೆ 12 ಡಜನ್, 144.) ತೆರಿಗೆ ಸೇರಿದೆಯೋ, ಬಿಲ್ ಮಾಡುವಾಗ ಮೇಲೆ ಹಾಕುತ್ತೀರೋ? ಒಡೆದದ್ದು ಬಂದರೆ ಬದಲಿಸಿಕೊಡುತ್ತೀರಾ?

ತೆರಿಗೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ಕ್ರೇಯಾನ್, ಶಾರ್ಪ್‌ನರ್, ರಬ್ಬರ್, ನೋಟ್‌ಬುಕ್ ಇವುಗಳ ಮೇಲೆ ಜಿಎಸ್‌ಟಿ ಇಲ್ಲ. ಮಕ್ಕಳ ಡ್ರಾಯಿಂಗ್ ಮತ್ತು ಬಣ್ಣ ತುಂಬುವ ಪುಸ್ತಕಗಳಿಗೆ ಮೊದಲಿನಿಂದಲೂ ಇಲ್ಲ. ಇವಕ್ಕೆ "ಪ್ಲಸ್ ಜಿಎಸ್‌ಟಿ" ಎಂದರೆ ಒಪ್ಪಬೇಡಿ. ಡಬ್ಬಿಯ ಮೇಲಿನ ಎಂಆರ್‌ಪಿ, ಅಂದರೆ ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲದ ಬೆಲೆ, ನೋಡಿ ಮೋಸ ಹೋಗುವವರೂ ಇದ್ದಾರೆ. ಹೆಸರಿಲ್ಲದ ಕಂಪನಿಗಳು 22 ರೂಪಾಯಿಯ ಡಬ್ಬಿಗೆ 60 ಎಂದು ಅಚ್ಚು ಹಾಕಿರುತ್ತವೆ. "ಎಂಆರ್‌ಪಿಯ ಅರ್ಧಕ್ಕೆ ಕೊಡ್ತೀನಿ" ಅಂದಾಗ ಸಿಕ್ಕಿದ್ದು ಸೋಡಿಯಲ್ಲ, ಎಂಟು ರೂಪಾಯಿ ಹೆಚ್ಚಿಗೆ.

ಕ್ರೇಯಾನ್ ಕೊಳ್ಳುವಾಗ ಒಂದು ಡಬ್ಬಿ ಬಿಚ್ಚಿಸಿ, ಹಳದಿ ಮತ್ತು ತಿಳಿನೀಲಿ ಕಡ್ಡಿಗಳನ್ನು ತೆಗೆಯಿರಿ. ಕಪ್ಪು, ಕೆಂಪು ಯಾವ ಡಬ್ಬಿಯಲ್ಲೂ ಚೆನ್ನಾಗಿಯೇ ಬರೆಯುತ್ತವೆ, ಮೋಸ ಗೊತ್ತಾಗುವುದು ತಿಳಿ ಬಣ್ಣದಲ್ಲಿ. ಬಿಳಿ ಕಾಗದದ ಮೇಲೆ ಮಗು ಒತ್ತುವಷ್ಟೇ ಹಗುರಾಗಿ ಗೀಚಿ. ಗೆರೆ ಮೂಡದೆ ಮೇಣದ ಹೊಳಪಷ್ಟೇ ಉಳಿದರೆ ಅದರಲ್ಲಿ ಬಣ್ಣ ಕಡಿಮೆ, ಮೇಣ ಹೆಚ್ಚು. ಆಮೇಲೆ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಕಡ್ಡಿಗಳು ಬಿಗಿಯಾಗಿ ಕೂತಿರಬೇಕು. ಲೊಡಲೊಡ ಎಂದರೆ ದಾರಿಯಲ್ಲೇ ಕಾಲು ಭಾಗ ಮುರಿಯುತ್ತದೆ. 12 ಬಣ್ಣದ ಸಣ್ಣ ಡಬ್ಬಿ ಸಾಕು. ಇದೇ ಬೆಲೆಗೆ 24 ಬಣ್ಣ ಕೊಡುತ್ತೇನೆ ಎಂದರೆ ಕಡ್ಡಿಗಳು ಬೆಂಕಿಕಡ್ಡಿಯಷ್ಟು ಸಪೂರ ಇರುತ್ತವೆ.

ಡ್ರಾಯಿಂಗ್ ಪುಸ್ತಕದ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ನಿಮ್ಮ ಬೆರಳಾಡಿಸಿ. ಬೆರಳಿನ ಆಕಾರ ಸ್ಪಷ್ಟವಾಗಿ ಕಂಡರೆ ಕಾಗದ ತೀರಾ ತೆಳು, ಕ್ರೇಯಾನ್ ಒತ್ತಿದಾಗ ಹರಿಯುತ್ತದೆ. ಪುಟಗಳ ಸಂಖ್ಯೆಗೆ ಮರುಳಾಗಬೇಡಿ. ಇಪ್ಪತ್ತು ಗಟ್ಟಿ ಹಾಳೆ ನಲವತ್ತು ತೆಳು ಹಾಳೆಗಿಂತ ಮೇಲು.

ನಮಗೆ ಬೇಕಿರುವುದು 22 ಡಬ್ಬಿ, 22 ಪುಸ್ತಕ (ಇಬ್ಬರು ಪುಟ್ಟವರಿಗೆ ಚೆಂಡು). ಎರಡು ಡಜನ್‌ನ ರೇಟು ಮಾತಾಡಿ ಮುಗಿಸಿದ ಮೇಲೆ "ಎರಡು ಕಮ್ಮಿ ಕೊಡಿ" ಎನ್ನಿ. ಕೊನೆಗೆ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅಲ್ಲೇ ನಿಂತು ಎಣಿಸಿಕೊಳ್ಳಿ.

6. ಚೀಲ

ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ ಹಿಡಿಕೆಯಿರುವ ಚೀಲಗಳನ್ನು ಅಂಗಡಿಯವರು "ಕ್ಲಾತ್ ಬ್ಯಾಗ್" ಎಂದೇ ಮಾರುತ್ತಾರೆ. ಅದು ಬಟ್ಟೆಯಲ್ಲ, ನಾನ್ ವೋವನ್ ಪ್ಲಾಸ್ಟಿಕ್. ಒಂದು ಮೂಲೆಗೆ ಬೆಂಕಿ ತಾಗಿಸಿದರೆ ಕರಗಿ ಗಂಟಾಗುತ್ತದೆ, ಬಟ್ಟೆಯಾದರೆ ಬೂದಿಯಾಗುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದದ್ದನ್ನು ನಿಯಮವೇ ಒಪ್ಪುವುದಿಲ್ಲ (ಅಂಗಡಿಯಲ್ಲಿ ಇದನ್ನು "60 ಜಿಎಸ್‌ಎಂ" ಎನ್ನುತ್ತಾರೆ). ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಅದಕ್ಕಿಂತ ತೆಳುವಿನದೇ.

ಕಂದು ಕಾಗದದ ಚೀಲ ತೆಗೆದುಕೊಳ್ಳಿ, ಸುಮಾರು 7 ರೂಪಾಯಿಗೆ ಸಿಗುತ್ತದೆ. ಆದರೆ ಕೊಳ್ಳುವ ಮೊದಲು ಡ್ರಾಯಿಂಗ್ ಪುಸ್ತಕವನ್ನು ಒಳಗಿಟ್ಟು ನೋಡಿ. ಪುಸ್ತಕ ಒಂದು ಅಂಗಡಿಯಲ್ಲಿ, ಚೀಲ ಇನ್ನೊಂದರಲ್ಲಿ ಕೊಂಡು, ಮನೆಗೆ ಬಂದ ಮೇಲೆ ಪುಸ್ತಕ ಒಂದು ಬೆರಳು ಅಗಲ ಹೆಚ್ಚಾಗಿ ಹಿಡಿಸದೇ ಹೋಗುವುದು ತೀರಾ ಸಾಮಾನ್ಯ. ಹಾಗಾಗಿ ಚೀಲವನ್ನು ಕೊನೆಗೆ ಕೊಳ್ಳಿ. ಹಿಡಿಕೆ ಎರಡೂ ಕಡೆ ಒಳಗೆ ಅಂಟಿದೆಯೇ ಎಂದು ಎಳೆದು ನೋಡಿ, ಮಕ್ಕಳು ಚೀಲವನ್ನು ಬೀಸಿಕೊಂಡೇ ಓಡುವುದು.

ಅಚ್ಚು ಹಾಕಿಸಿದ ಕಾರ್ಟೂನ್ ಚೀಲಕ್ಕೆ ದುಪ್ಪಟ್ಟು ಕೊಡಬೇಕಿಲ್ಲ. ಕಂದು ಚೀಲದ ಮೇಲೆ ಹುಟ್ಟುಹಬ್ಬದ ಹುಡುಗಿಯೇ ಒಂದೊಂದು ಚಿತ್ರ ಬರೆಯಲಿ, ದಿನಕ್ಕೆ ಆರು ಚೀಲದಂತೆ ನಾಲ್ಕು ದಿನ. ಒಂದೇ ಸಂಜೆಗೆ ಇಪ್ಪತ್ತನಾಲ್ಕು ಎಂದು ಕೂರಿಸಿದರೆ ಹತ್ತನೆಯದಕ್ಕೆ ಎದ್ದು ಹೋಗುತ್ತಾಳೆ.

7. ತಿನ್ನಲು ಏನಾದರೂ

ತೂಕ ಮಾಡಿ ಕಟ್ಟಿಸಿದ ಮಿಠಾಯಿ, ಬಿಡಿ ಚಾಕೊಲೇಟ್ ಬೇಡ. ಕಂಪನಿ ಪ್ಯಾಕಿನ 5 ರೂಪಾಯಿಯ ಬಿಸ್ಕತ್ತು ಸಾಕು. ಅದರ ಮೇಲೆ ಏನೇನಿದೆ ಎಂದು ಅಚ್ಚಾಗಿರುತ್ತದೆ, ಕಡಲೆಕಾಯಿ ಅಥವಾ ಹಾಲು ಆಗದ ಮಗುವಿನ ತಾಯಿ ಓದಿಕೊಳ್ಳಬಹುದು. ಕಡಲೆ ಮಿಠಾಯಿ ಎಷ್ಟು ರುಚಿಯಾದರೂ ಇದೇ ಕಾರಣಕ್ಕೆ ಗುಂಪಿಗೆ ಹಂಚುವ ಚೀಲಕ್ಕೆ ಸಲ್ಲದು. ಇನ್ನು ಚಾಕೊಲೇಟು ಏಪ್ರಿಲ್-ಮೇ ತಿಂಗಳಲ್ಲಿ ಕರಗಿ ಪುಸ್ತಕಕ್ಕೆ ಮೆತ್ತಿಕೊಳ್ಳುತ್ತದೆ.

ಈಗ ಲೆಕ್ಕ ಕೂಡಿಸೋಣ.

ದೊಡ್ಡವರ ಒಂದು ಚೀಲ: ಕ್ರೇಯಾನ್ 22, ಪುಸ್ತಕ 15, ಚೀಲ 7, ಬಿಸ್ಕತ್ತು 5, ಸ್ಟಿಕರ್ ಹಾಳೆ 4. ಒಟ್ಟು 53. ಇಂಥವು 22, ಅಂದರೆ 1,166.
ಪುಟ್ಟವರ ಒಂದು ಚೀಲ: ಚೆಂಡು 40, ಚೀಲ 7, ಬಿಸ್ಕತ್ತು 5. ಒಟ್ಟು 52. ಇಂಥವು 2, ಅಂದರೆ 104.
ಓಡಾಟ, ದಾರ, ಚೀಟಿ: 150.
ಎಲ್ಲ ಸೇರಿ 1,420. ಕೈಯಲ್ಲಿ 80 ಉಳಿಯಿತು.

ಆ 80ರಿಂದ ಚೀಲಕ್ಕೆ ಇನ್ನೊಂದು ಸಾಮಾನು ಸೇರಿಸುವ ಆಸೆ ಬರುತ್ತದೆ. ಬೇಡ. ಯಾವುದಾದರೊಂದರ ರೇಟು ಮೂರು ರೂಪಾಯಿ ಹೆಚ್ಚಾದರೂ 24ಕ್ಕೆ 72 ಆಯಿತಲ್ಲ, ಅದು ಅದಕ್ಕೇ ಇರಲಿ. ಬೆಲೆ ಇನ್ನೂ ಏರಿದರೆ ಮೊದಲು ಸ್ಟಿಕರ್ ಬಿಡಿ, ಆಮೇಲೆ ಬಿಸ್ಕತ್ತು. ಕ್ರೇಯಾನನ್ನು ಕಳಪೆಯದಕ್ಕೆ ಇಳಿಸಬೇಡಿ.

8. ತುಂಬುವುದು, ಕೊಡುವುದು

ಹಿಂದಿನ ರಾತ್ರಿ ಪುಟ್ಟವರ ಎರಡು ಚೀಲ ಪಕ್ಕಕ್ಕಿಟ್ಟು, ಉಳಿದ 22 ಚೀಲಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿ. ಒಂದು ಚೀಲ ಪೂರ್ತಿ ತುಂಬಿ ಮುಂದಿನದಕ್ಕೆ ಹೋಗಬೇಡಿ. ಮೊದಲು ಎಲ್ಲದಕ್ಕೂ ಪುಸ್ತಕ, ಆಮೇಲೆ ಎಲ್ಲದಕ್ಕೂ ಕ್ರೇಯಾನ್, ಹೀಗೆ ಸುತ್ತು ಹಾಕಿ. ಸುತ್ತು ಮುಗಿದಾಗ ಕೈಯಲ್ಲಿ ಒಂದು ಉಳಿದರೆ ಯಾವುದೋ ಚೀಲಕ್ಕೆ ಬಿದ್ದಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಪುಸ್ತಕ ಹಿಂಬದಿಗೆ, ಡಬ್ಬಿ ಅದರ ಮುಂದೆ ಅಡ್ಡಕ್ಕೆ, ಬಿಸ್ಕತ್ತು ಮೇಲೆ. ಪುಟ್ಟವರ ಎರಡು ಚೀಲಕ್ಕೆ ಬೇರೆ ಬಣ್ಣದ ದಾರ ಕಟ್ಟಿ. ಬಿಸ್ಕತ್ತು ಇದೆಯಲ್ಲ, ಇರುವೆ ಹತ್ತದಂತೆ ಮೇಜಿನ ಮೇಲಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಇಡಬೇಡಿ, ಕ್ರೇಯಾನ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಚೀಲದ ಮೇಲೆ ಮಕ್ಕಳ ಹೆಸರು ಬರೆಯುವುದು ಚೆಂದವೇನೋ ಹೌದು. ಆದರೆ ಕರೆಯದೆ ಬಂದ ಮಗುವಿಗೆ ಬರದೇ ಇದ್ದವರ ಹೆಸರಿನ ಚೀಲ ಕೊಡಬೇಕಾಗುತ್ತದೆ. ಹುಟ್ಟುಹಬ್ಬದ ಹುಡುಗಿಯ ಹೆಸರು, ತಾರೀಕು ಇದ್ದರೆ ಸಾಕು.

ಶಾಲೆಯಲ್ಲಿ ಹಂಚುವುದಾದರೆ ಮೊದಲು ತರಗತಿ ಟೀಚರನ್ನು ಕೇಳಿ. ತಿಂಡಿ ಬೇಡ, ಉಡುಗೊರೆಯೇ ಬೇಡ ಎನ್ನುವ ಶಾಲೆಗಳು ಈಗ ಬಹಳ. ಕೊಂಡ ಮೇಲೆ ಕೇಳಿದರೆ ನಲವತ್ತು ಚೀಲ ಮನೆಯಲ್ಲೇ ಉಳಿಯುತ್ತವೆ.

ಮನೆಯಲ್ಲಾದರೆ ಚೀಲಗಳನ್ನು ಕೇಕ್ ಕತ್ತರಿಸುವ ಮೇಜಿನಿಂದ ದೂರ, ಮಕ್ಕಳ ಕಣ್ಣಿಗೆ ಬೀಳದ ಕೋಣೆಯಲ್ಲಿಡಿ. ಆಟದ ನಡುವೆ ಕೊಟ್ಟರೆ ಅಲ್ಲೇ ಬಿಚ್ಚುತ್ತಾರೆ, ಗೋಡೆಗೂ ಬಣ್ಣ, ನೆಲದ ಮೇಲೆ ಯಾರದೋ ಕಡ್ಡಿ. ಹೊರಡುವವರು ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಗಿಲ ಬಳಿ ಕೊಡಿ. ಚೀಲ ಎತ್ತಿಕೊಡುವ ಕೆಲಸ ಒಬ್ಬ ದೊಡ್ಡವರದು, ಮಗುವಿನ ಕೈಗೆ ಕೊಡುವುದು ಹುಟ್ಟುಹಬ್ಬದ ಹುಡುಗಿ. ಯಾರಿಗೆ ಕೊಟ್ಟಾಯಿತು ಎಂದು ಒಬ್ಬರೇ ನೋಡಿಕೊಂಡರೆ ಎರಡು ಸಲ ಹೋಗುವುದಿಲ್ಲ.

ಹೆಚ್ಚುವರಿ ಮೂರರಲ್ಲಿ ಉಳಿದ ಚೀಲಗಳಿಂದ ಬಿಸ್ಕತ್ತನ್ನು ಅವತ್ತೇ ತೆಗೆದುಬಿಡಿ. ಪುಸ್ತಕ, ಕ್ರೇಯಾನ್ ಹಾಗೇ ಕಟ್ಟಿಡಿ, ಮುಂದೆ ನಿಮ್ಮ ಮಗಳು ಇನ್ನೊಬ್ಬರ ಹುಟ್ಟುಹಬ್ಬಕ್ಕೆ ಹೊರಟಾಗ ಸಿಗುತ್ತವೆ. ಮೇಲಿನ ಅವಳ ಚಿತ್ರ ಮತ್ತು ತಾರೀಕು ಇರುವ ಚೀಲವನ್ನು ಮಾತ್ರ ಬದಲಿಸಲು ಮರೆಯಬೇಡಿ.